ಒಂದೇ ಹೆಸರಿನ ಥೀಮ್‌ಗಳನ್ನು ಸೇರಿಸಿದರೆ ಮೆಟಾ-ಸಿಂಥೆಸಿಸ್ ಆಯಿತೇ?

ಪ್ರಶ್ನೆ: ನಾನು ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ. ಡಿಮೆನ್ಷಿಯಾ ಮತ್ತು ಸ್ಟ್ರೋಕ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಹೊರೆಯ ಬಗ್ಗೆ 14 ಗುಣಾತ್ಮಕ ಅಧ್ಯಯನಗಳನ್ನು ಆರಿಸಿಕೊಂಡಿದ್ದೇನೆ. ಎಲ್ಲ ಥೀಮ್‌ಗಳನ್ನೂ ಎಕ್ಸೆಲ್‌ಗೆ ಹಾಕಿ ಒಂದೇ ಹೆಸರಿನವನ್ನು ಒಟ್ಟು ಮಾಡಿದಾಗ ದೈಹಿಕ, ಮಾನಸಿಕ, ಆರ್ಥಿಕ, ಸಾಮಾಜಿಕ ಹೊರೆ ಎಂದು ನಾಲ್ಕು ಗುಂಪಾದವು. ಯಾವ ಥೀಮ್ ಎಷ್ಟು ಅಧ್ಯಯನಗಳಲ್ಲಿದೆ ಎಂದು ಶೇಕಡಾವಾರು ಕೊಡಿ ಎನ್ನುತ್ತಾರೆ ಗೈಡ್. ಗುಣಾತ್ಮಕ ಅಧ್ಯಯನಗಳನ್ನು ಒಟ್ಟುಗೂಡಿಸಲೇಬಾರದು ಎನ್ನುತ್ತಾರೆ ಇನ್ನೊಬ್ಬ ಮೇಡಂ. ಒಂದು ಅಧ್ಯಯನದಲ್ಲಂತೂ ‘ಇದು ಹೊರೆಯೇ ಅಲ್ಲ’ ಎಂಬ ಥೀಮ್ ಇದೆ, ಅದನ್ನು ಕೈಬಿಡಬಹುದೇ? ನಾನು ಮಾಡಿರುವುದು ಮೆಟಾ-ಸಿಂಥೆಸಿಸ್ ಹೌದೋ ಅಲ್ಲವೋ?

ಉತ್ತರ: ಇನ್ನೂ ಆಗಿಲ್ಲ. ಹಲವು ಗುಣಾತ್ಮಕ ಅಧ್ಯಯನಗಳನ್ನು ಜೊತೆಗಿಟ್ಟು ಓದಿ, ಒಂದೊಂದರಲ್ಲೂ ಇಲ್ಲದ ಹೊಸ ಅರ್ಥ ಕಟ್ಟುವುದು ಮೆಟಾ-ಸಿಂಥೆಸಿಸ್. ಹಾಗೆಂದು ಮಾಡಿದ ಕೆಲಸ ದಂಡವೂ ಅಲ್ಲ. ನೀವು ಸೇರಿಸಿರುವುದು ಥೀಮ್‌ಗಳ ಶೀರ್ಷಿಕೆಗಳನ್ನು. ಸೇರಬೇಕಾದದ್ದು ಶೀರ್ಷಿಕೆಯ ಕೆಳಗಿರುವ ಸಂಗತಿ: ಲೇಖಕರು ಅಲ್ಲಿ ಏನು ಹೇಳುತ್ತಿದ್ದಾರೆ, ಅದಕ್ಕೆ ಯಾರ ಮಾತನ್ನು ಆಧಾರವಾಗಿ ಕೊಟ್ಟಿದ್ದಾರೆ, ಆ ಮಾತು ಯಾವ ಸಂದರ್ಭದಲ್ಲಿ ಬಂದದ್ದು. ಈ ಮೂರನ್ನೂ ಜೊತೆಗಿಟ್ಟುಕೊಂಡು ಓದಿದರೆ ನಿಮ್ಮ ನಾಲ್ಕು ಗುಂಪುಗಳಲ್ಲಿ ಕೆಲವು ಒಡೆಯುತ್ತವೆ, ಬೇರೆ ಬೇರೆ ಗುಂಪಿನಲ್ಲಿದ್ದವು ಕೆಲವು ಒಂದಾಗುತ್ತವೆ. ಅಲ್ಲಿಂದಲೇ ಸಿಂಥೆಸಿಸ್ ಶುರುವಾಗುವುದು.

ಮೊದಲು ಇಬ್ಬರು ಹಿರಿಯರ ಮಾತು. ಒಟ್ಟುಗೂಡಿಸಲೇಬಾರದು ಎಂಬ ಆಕ್ಷೇಪದಲ್ಲಿ ತಿರುಳಿದೆ. ಗುಣಾತ್ಮಕ ಅಧ್ಯಯನದ ಅರ್ಥ ಅದರ ಜನರಿಗೆ, ಅದರ ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ತಂದು ಸರಾಸರಿ ತೆಗೆಯಲು ಹೋದರೆ ಕೈಗೆ ಏನೂ ಉಳಿಯುವುದಿಲ್ಲ. ಆದರೆ ಸರಾಸರಿ ತೆಗೆಯದೆಯೇ ಸೇರಿಸುವ ದಾರಿಯನ್ನು ನೋಬ್ಲಿಟ್ ಮತ್ತು ಹೇರ್ 1988ರಲ್ಲೇ ಮೆಟಾ-ಎಥ್ನಾಗ್ರಫಿ ಎಂಬ ಹೆಸರಿನಲ್ಲಿ ತೋರಿಸಿಕೊಟ್ಟರು. ಒಂದು ಅಧ್ಯಯನದ ಪರಿಕಲ್ಪನೆ ಇನ್ನೊಂದು ಅಧ್ಯಯನದ ಜನರ ಅನುಭವವನ್ನು ವಿವರಿಸಬಲ್ಲದೇ ಎಂದು ಎರಡೂ ಕಡೆಯಿಂದ ಕೇಳುವುದು ಅವರ ಕ್ರಮ. ಸಂದರ್ಭ ಅಲ್ಲಿ ಅಳಿಸಿಹೋಗುವುದಿಲ್ಲ, ಹೋಲಿಕೆಯ ಭಾಗವಾಗಿಯೇ ಉಳಿಯುತ್ತದೆ.

ನಿಮ್ಮ ಗೈಡ್ ಹೇಳುವ ಎಣಿಕೆಗೂ ಆಧಾರವಿದೆ. ಸ್ಯಾಂಡೆಲೋವ್‌ಸ್ಕಿ ಮತ್ತು ಬರೋಸೊ ಎಂಬ ನರ್ಸಿಂಗ್ ಸಂಶೋಧಕರು ಅದನ್ನು ಮೆಟಾ-ಸಮ್ಮರಿ ಎಂದು ಕರೆದು ಕ್ರಮಬದ್ಧಗೊಳಿಸಿದ್ದಾರೆ. ಒಂದು ಫೈಂಡಿಂಗ್, ಅಂದರೆ ಸಂಶೋಧಕರು ಕಂಡುಕೊಂಡ ಸಂಗತಿ, ಎಷ್ಟು ವರದಿಗಳಲ್ಲಿದೆ ಎಂದು ಎಣಿಸಿ ಒಟ್ಟು ವರದಿಗಳಿಂದ ಭಾಗಿಸುತ್ತಾರೆ. 14ರಲ್ಲಿ 9 ಎಂದರೆ ಸುಮಾರು ಶೇ. 64. ಆದರೆ ಈ 64 ವರದಿಗಳ ಲೆಕ್ಕ, ಆರೈಕೆ ಮಾಡುವವರ ಲೆಕ್ಕವಲ್ಲ. ‘ಆರೈಕೆದಾರರಲ್ಲಿ ಶೇ. 64 ಮಂದಿಗೆ ಆರ್ಥಿಕ ಹೊರೆಯಿದೆ’ ಎಂದು ಪ್ರಬಂಧದಲ್ಲಿ ಬರೆದರೆ ಅದು ಪೂರ್ತಿ ತಪ್ಪು. ಉಳಿದ 5 ಅಧ್ಯಯನಗಳಲ್ಲಿ ಹಣದ ಮಾತು ಬಂದಿಲ್ಲವೆಂದರೆ ಅಲ್ಲಿನ ಜನರಿಗೆ ಹಣದ ತೊಂದರೆಯಿರಲಿಲ್ಲ ಎಂದೂ ಅರ್ಥವಲ್ಲ. ಸಂದರ್ಶನದಲ್ಲಿ ಆ ಪ್ರಶ್ನೆ ಕೇಳಿರಲಿಕ್ಕಿಲ್ಲ, ಅಥವಾ ಪತ್ರಿಕೆಯ ಪದಮಿತಿಗೆ ಆ ಭಾಗ ಕತ್ತರಿಸಿ ಹೋಗಿರಬಹುದು, ಅಥವಾ ಅದನ್ನೇ ಲೇಖಕರು ಬೇರೊಂದು ಲೇಖನವಾಗಿ ಪ್ರಕಟಿಸಿರಬಹುದು. ಗೈಡ್ ಒಪ್ಪುವುದಾದರೆ ಎಣಿಕೆಯನ್ನು ಒಂದು ಕೋಷ್ಟಕದಲ್ಲಿ ಕೊಡಿ, ಅದಕ್ಕೆ ಮೆಟಾ-ಸಮ್ಮರಿ ಎಂಬ ಹೆಸರನ್ನೇ ಇಡಿ. ಸಿಂಥೆಸಿಸ್ ಬೇರೆಯಾಗಿ ನಡೆಯಲಿ.

ಎಣಿಸುವ ಮುನ್ನ ಒಂದು ಜರಡಿ ಹಿಡಿಯಲೇಬೇಕು. ಒಂದೇ ತಂಡ ಒಂದೇ ಸಂದರ್ಶನಗಳಿಂದ ಎರಡು ಮೂರು ಲೇಖನ ಬರೆಯುವುದು ಈ ಕ್ಷೇತ್ರದಲ್ಲಿ ಮಾಮೂಲು. ಲೇಖಕರ ಪಟ್ಟಿ, ಸಂದರ್ಶನ ನಡೆದ ತಿಂಗಳುಗಳು, ಭಾಗವಹಿಸಿದವರ ಸಂಖ್ಯೆ, ನೈತಿಕ ಸಮಿತಿಯ ಅನುಮತಿ ಸಂಖ್ಯೆ ಇವನ್ನು ಅಕ್ಕಪಕ್ಕ ಇಟ್ಟು ನೋಡಿ. ಕೆಲವೊಮ್ಮೆ ಅದೇ ವ್ಯಕ್ತಿಯ ಅದೇ ಮಾತು ಎರಡೂ ಲೇಖನಗಳಲ್ಲಿ ಕಾಣಿಸುತ್ತದೆ; ಅಲ್ಲಿಗೆ ಅನುಮಾನ ತೀರಿತು. ಅಂಥ ಲೇಖನಗಳಲ್ಲಿ ಒಂದನ್ನೂ ಬಿಡಬೇಕಿಲ್ಲ, ಎಲ್ಲವನ್ನೂ ಓದಿ. ಆದರೆ ಅವು ಒಂದೇ ಅಧ್ಯಯನದ ಹಲವು ವರದಿಗಳು ಎಂದು ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ 14 ಆಗ 12 ಆದರೂ ಆಗಬಹುದು, ಅದರಿಂದ ನಷ್ಟವೇನಿಲ್ಲ.

ಈಗ ಆ ನಾಲ್ಕು ಗುಂಪುಗಳು. ದೈಹಿಕ, ಮಾನಸಿಕ, ಆರ್ಥಿಕ, ಸಾಮಾಜಿಕ ಎಂಬ ವಿಂಗಡಣೆ ವಿದ್ಯಾರ್ಥಿಗಳ ಕರಡುಗಳಲ್ಲಿ ನನಗೆ ಮತ್ತೆ ಮತ್ತೆ ಸಿಗುತ್ತದೆ. ಅದು ಹೊರೆ ಅಳೆಯುವ ಮಾಪಕಗಳ ವಿಂಗಡಣೆ. ಜಾರಿಟ್ ಬರ್ಡನ್ ಇಂಟರ್‌ವ್ಯೂ ಎಂಬ, ಹೆಚ್ಚು ಬಳಕೆಯಲ್ಲಿರುವ ಮಾಪಕದ 22 ಪ್ರಶ್ನೆಗಳನ್ನು ತೆಗೆದು ನೋಡಿ: ಆರೋಗ್ಯ, ಮನಸ್ಸಿನ ಒತ್ತಡ, ಹಣ, ಸಾಮಾಜಿಕ ಬದುಕು ಎಲ್ಲವೂ ಅಲ್ಲಿವೆ. ನಿಮ್ಮ ಅಧ್ಯಯನಗಳಲ್ಲಿ ಕೆಲವದರ ಸಂದರ್ಶನ ಪ್ರಶ್ನಾವಳಿ ಇದೇ ಚೌಕಟ್ಟಿನಲ್ಲಿ ಸಿದ್ಧವಾಗಿರುವ ಸಾಧ್ಯತೆ ಹೆಚ್ಚು. ‘ಆರೈಕೆಯಿಂದ ನಿಮ್ಮ ಆರೋಗ್ಯದ ಮೇಲೆ ಏನು ಪರಿಣಾಮವಾಗಿದೆ? ಖರ್ಚಿನ ಮೇಲೆ?’ ಎಂದು ಸಾಲಾಗಿ ಕೇಳಿ, ಬಂದ ಉತ್ತರಗಳನ್ನು ಅದೇ ಸಾಲಿನಲ್ಲಿ ಜೋಡಿಸಿ, ಥೀಮ್ ಎಂದು ಹೆಸರಿಟ್ಟಿರುತ್ತಾರೆ. ಅದು ಸಂದರ್ಶಕರ ಪ್ರಶ್ನೆ ತಿರುಗಿ ಬಂದಿರುವುದು, ಜನರ ಅನುಭವದಿಂದ ಮೂಡಿದ ಥೀಮ್ ಅಲ್ಲ. ಪತ್ತೆ ಹಚ್ಚುವುದು ಸುಲಭ. ಲೇಖನದ ಅನುಬಂಧದಲ್ಲೋ ವಿಧಾನದ ಭಾಗದಲ್ಲೋ ಪ್ರಶ್ನಾವಳಿ ಇರುತ್ತದೆ. ಥೀಮ್‌ಗಳ ಪಟ್ಟಿಯನ್ನು ಅದರ ಪಕ್ಕದಲ್ಲಿಡಿ. ಒಂದಕ್ಕೊಂದು ಸರಿಯಾಗಿ ಹೊಂದಿದರೆ ಎಕ್ಸೆಲ್‌ನಲ್ಲಿ ಆ ಅಧ್ಯಯನಕ್ಕೆ ಒಂದು ಗುರುತು ಹಾಕಿ. ಅದನ್ನು ಕೈಬಿಡುವ ಅಗತ್ಯವಿಲ್ಲ. ಅದರ ಶೀರ್ಷಿಕೆಗಳಿಗೆ ಬೆಲೆ ಕೊಡದೆ ಒಳಗಿನ ವಿವರಗಳಿಗೆ ಬೆಲೆ ಕೊಡಿ.

ಹಾಗಾದರೆ ಒಳಗಿನ ವಿವರದೊಂದಿಗೆ ಕೆಲಸ ಮಾಡುವುದು ಹೇಗೆ? ಉದಾಹರಣೆಗಾಗಿ ನಾನೇ ನಾಲ್ಕು ಅಧ್ಯಯನಗಳನ್ನು ಕಲ್ಪಿಸಿಕೊಳ್ಳುತ್ತೇನೆ. ಇವು ಎಲ್ಲೂ ಪ್ರಕಟವಾದವಲ್ಲ, ಆದರೆ ಇಂಥವು ನಿಮ್ಮ ಕಟ್ಟಿನಲ್ಲಿ ಖಂಡಿತ ಸಿಗುತ್ತವೆ.

ಮೊದಲನೆಯದು ಡಿಮೆನ್ಷಿಯಾ ಇರುವ ಗಂಡಂದಿರನ್ನು ನೋಡಿಕೊಳ್ಳುವ ಹೆಂಡತಿಯರದು. ಥೀಮ್‌ನ ಹೆಸರು ‘ಅಪರಾಧಿ ಭಾವ’. ಕೆಳಗಿರುವ ಮಾತು: ‘ಒಂದೇ ಪ್ರಶ್ನೆ ಹತ್ತು ಸಲ ಕೇಳಿದರು. ಕಿರುಚಿಬಿಟ್ಟೆ. ಆಮೇಲೆ ಬಚ್ಚಲುಮನೆಗೆ ಹೋಗಿ ಅತ್ತೆ.’ ಎರಡನೆಯದು ತಾಯಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ ಹೆಣ್ಣುಮಕ್ಕಳದು. ಅಲ್ಲೂ ಹೆಸರು ‘ಅಪರಾಧಿ ಭಾವ’. ಮಾತು: ‘ಅವಳನ್ನು ಅಲ್ಲಿ ಬಿಟ್ಟುಬಂದ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಆ ನಿದ್ದೆಗೇ ನಾಚಿಕೆಯಾಗುತ್ತದೆ.’ ಮೂರನೆಯದು ಸ್ಟ್ರೋಕ್ ಆದ ತಂದೆಯನ್ನು ನೋಡಿಕೊಳ್ಳುವ ಮಕ್ಕಳದು. ಥೀಮ್‌ನ ಹೆಸರು ‘ಸಮಯದ ಕೊರತೆ’. ಮಾತು: ‘ತಮ್ಮ ಬಂದು ನೋಡಿಕೊಳ್ಳುತ್ತೇನೆ ಅಂದರೂ ಹೊರಗೆ ಹೋಗಲು ಕಾಲು ಏಳುವುದಿಲ್ಲ.’ ನಾಲ್ಕನೆಯದು ಹೆಂಡತಿಯನ್ನು ನೋಡಿಕೊಳ್ಳುವ ಗಂಡಂದಿರದು. ಥೀಮ್ ‘ಇದು ಹೊರೆಯೇ ಅಲ್ಲ’. ಮಾತು: ‘ಹೊರೆ ಅನ್ನಬೇಡಿ. ಅವಳು ನನ್ನ ಹೆಂಡತಿ.’

ಹೆಸರು ನೋಡಿ ಸೇರಿಸಿದರೆ ಮೊದಲೆರಡು ‘ಮಾನಸಿಕ ಹೊರೆ’ಗೆ, ಮೂರನೆಯದು ‘ಸಾಮಾಜಿಕ ಹೊರೆ’ಗೆ ಹೋಗುತ್ತವೆ, ನಾಲ್ಕನೆಯದಕ್ಕೆ ಜಾಗವೇ ಇಲ್ಲ. ಒಳಗೆ ಓದಿ ನೋಡಿ. ಮೊದಲೆರಡರ ಹೆಸರು ಒಂದೇ ಆದರೂ ಸಂಗತಿ ಬೇರೆ: ಒಂದು ಮಾಡಿದ ಕೃತ್ಯದ ನೋವು, ಇನ್ನೊಂದು ಸಿಕ್ಕ ಬಿಡುಗಡೆಯ ನೋವು. ಮೂರನೆಯದರಲ್ಲಿ ಸಮಯ ಸಿಕ್ಕಿದೆ, ಬದಲಿಗೆ ನಿಲ್ಲುವ ಜನವೂ ಇದೆ, ಆದರೂ ಆತ ಅದನ್ನು ಬಳಸಿಕೊಳ್ಳಲಾರ. ಇದು ಸಮಯದ ಕೊರತೆ ಹೇಗಾದೀತು? ಎರಡನೆಯ ಅಧ್ಯಯನದ ಮಗಳಿಗೆ ಬಿಡುವು ಸಿಕ್ಕ ಮೇಲೆ ಆದ ನಾಚಿಕೆಯೇ ಇಲ್ಲಿ ಮುಂಚಿತವಾಗಿ ಬಂದು ಕಾಲು ಕಟ್ಟಿದೆ. ಹೀಗೆ ಎರಡನೆಯದರ ಪರಿಕಲ್ಪನೆ ಮೂರನೆಯದಕ್ಕೆ ಹೊಂದಿತು; ಮೂರನೆಯದನ್ನು ಓದಿದ ಮೇಲೆ ಎರಡನೆಯದೂ ಹೆಚ್ಚು ಸ್ಪಷ್ಟವಾಯಿತು. ನೋಬ್ಲಿಟ್ ಮತ್ತು ಹೇರ್ ಇದನ್ನು ಪರಸ್ಪರ ಅನುವಾದ ಎನ್ನುತ್ತಾರೆ. ಮೊದಲನೆಯದನ್ನು ಈ ಜೋಡಿಗೆ ಬಲವಂತವಾಗಿ ತುರುಕಬೇಡಿ. ಕಿರುಚಿದ ನೋವು ಬೇರೆ ಥೀಮ್ ಆಗಿಯೇ ಉಳಿಯಲಿ.

ಇನ್ನು ನೀವು ಕೈಬಿಡಬೇಕೆಂದುಕೊಂಡ ಅಧ್ಯಯನ. ದಯವಿಟ್ಟು ಬಿಡಬೇಡಿ, ಇಡೀ ಕಟ್ಟಿನಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅದೇ ಆಗಬಹುದು. ಉಳಿದವಕ್ಕೆ ಎದುರಾಗಿ ನಿಲ್ಲುವ ಅಧ್ಯಯನವನ್ನು ಖಂಡನಾತ್ಮಕ ಸಂಬಂಧ ಎಂದು ಗುರುತಿಸಿ, ಎದುರು ನಿಂತಿರುವುದು ಏಕೆಂದು ವಿವರಿಸಬೇಕು. ಇಲ್ಲಿ ಎರಡು ಓದು ಸಾಧ್ಯ. ಆ ಗಂಡಂದಿರಿಗೆ ನಿಜವಾಗಿಯೂ ಭಾರ ಕಡಿಮೆಯಿತ್ತು ಎಂಬುದು ಒಂದು. ಭಾರವಿತ್ತು, ಆದರೆ ಆ ಹೆಸರಿನಿಂದ ಕರೆಯುವುದನ್ನು ಅವರು ಒಪ್ಪಲಿಲ್ಲ ಎಂಬುದು ಇನ್ನೊಂದು. ಯಾವುದು ಸರಿ ಎಂದು ಊಹಿಸುವ ಹಾಗಿಲ್ಲ, ಅದೇ ಅಧ್ಯಯನದ ಉಳಿದ ಪುಟಗಳಲ್ಲಿ ಹುಡುಕಬೇಕು. ಅದೇ ಗಂಡಂದಿರು ಬೇರೆಡೆ ರಾತ್ರಿ ನಿದ್ದೆಯಿಲ್ಲದ್ದನ್ನೋ ತಮ್ಮ ಔಷಧಿ ಮರೆತದ್ದನ್ನೋ ಹೇಳಿದ್ದರೆ ಎರಡನೆಯ ಓದಿಗೆ ಬಲ ಬರುತ್ತದೆ. ಅಂಥದ್ದೇನೂ ಇಲ್ಲದಿದ್ದರೆ ಮೊದಲ ಓದನ್ನು ಗೌರವದಿಂದ ಒಪ್ಪಿಕೊಳ್ಳಿ. ಜನ ಹೊರೆಯಲ್ಲ ಎಂದಾಗ ನಾವು ಹಟ ಹಿಡಿದು ಹೊರೆಯೆಂದೇ ಬರೆಯುವುದು ಸಂಶೋಧನೆಯಲ್ಲ.

ಎರಡನೆಯ ಓದು ನಿಂತಿತು ಎಂದಿಟ್ಟುಕೊಳ್ಳಿ. ಆಗ ಎರಡು, ಮೂರು, ನಾಲ್ಕನೆಯ ಅಧ್ಯಯನಗಳ ನಡುವೆ ಒಂದು ಎಳೆ ಕಾಣಿಸುತ್ತದೆ: ಭಾರವನ್ನು ಒಪ್ಪಿಕೊಳ್ಳುವುದು, ಬಿಡುವು ತೆಗೆದುಕೊಳ್ಳುವುದು, ಬಿಡುವಿನಲ್ಲಿ ಹಾಯಾಗಿರುವುದು, ಈ ಮೂರನ್ನೂ ಆರೈಕೆ ಮಾಡುವವರು ಸಂಬಂಧಕ್ಕೆ ಎಸಗುವ ದ್ರೋಹದಂತೆ ಅನುಭವಿಸುತ್ತಾರೆ, ಹಾಗಾಗಿ ನೆರವು ಬಾಗಿಲಿಗೆ ಬಂದರೂ ಮುಟ್ಟುವುದಿಲ್ಲ. ಈ ಮಾತು ನಾಲ್ಕರಲ್ಲಿ ಯಾವ ಅಧ್ಯಯನದಲ್ಲೂ ಇಲ್ಲ, ಎಲ್ಲವನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಮೂಡುತ್ತದೆ. ಭಾಗವಹಿಸಿದವರ ಮಾತು ಮೊದಲ ಹಂತದ್ದು, ಲೇಖಕರ ವ್ಯಾಖ್ಯಾನ ಎರಡನೆಯದು, ಇದು ಮೂರನೆಯದು. ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್‌ಗೂ ಇದರಿಂದ ಪ್ರಯೋಜನವಿದೆ. ‘ನಿಮಗೆ ಹೊರೆ ಅನಿಸುತ್ತಿದೆಯೇ?’ ಎಂದು ಕೇಳಿದರೆ ಇಂಥವರು ಇಲ್ಲ ಎನ್ನುತ್ತಾರೆ, ಕಡತದಲ್ಲಿ ಇಲ್ಲ ಎಂದೇ ದಾಖಲಾಗುತ್ತದೆ. ‘ರಾತ್ರಿ ಪೂರ್ತಿ ನಿದ್ದೆ ಮಾಡಿ ಎಷ್ಟು ದಿನವಾಯಿತು?’ ಎಂದು ಕೇಳಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ‘ಮಾನಸಿಕ ಹೊರೆ, ಶೇ. 64’ ಎಂಬ ಸಾಲಿನಿಂದ ಈ ಸಲಹೆ ಹುಟ್ಟುತ್ತಿರಲಿಲ್ಲ.

ಇಲ್ಲಿ ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಇಂಥ ಎಳೆ ಸಿಕ್ಕ ಕೂಡಲೇ ಎಲ್ಲೆಲ್ಲೂ ಅದೇ ಕಾಣಿಸತೊಡಗುತ್ತದೆ. ಎಳೆಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಂಡು, 14 ಅಧ್ಯಯನಗಳನ್ನೂ ಮತ್ತೆ ಒಂದೊಂದಾಗಿ ತೆರೆದು, ‘ಒಪ್ಪುತ್ತದೆ, ವಿರೋಧಿಸುತ್ತದೆ, ಮಾತಾಡುವುದಿಲ್ಲ’ ಎಂದು ಮೂರರಲ್ಲಿ ಒಂದನ್ನು ಬರೆಯಿರಿ. ‘ಒಪ್ಪುತ್ತದೆ’ ಎಂದು ಬರೆದಲ್ಲೆಲ್ಲ ಪುಟ ಸಂಖ್ಯೆ ಮತ್ತು ಮೂಲದ ಮಾತು ಇರಲೇಬೇಕು. ಈ ಕೆಲಸವನ್ನು ನಿಮ್ಮ ಉತ್ತರಗಳನ್ನು ನೋಡಿರದ ಒಬ್ಬ ಸಹಪಾಠಿಯೂ ನಾಲ್ಕೈದು ಅಧ್ಯಯನಗಳ ಮೇಲೆ ಪ್ರತ್ಯೇಕವಾಗಿ ಮಾಡಿದರೆ ಒಳ್ಳೆಯದು. ಇಬ್ಬರ ಉತ್ತರ ತಾಳೆಯಾಗುವುದು ಮುಖ್ಯವಲ್ಲ. ತಾಳೆಯಾಗದ ಕಡೆ ನಡೆಯುವ ಚರ್ಚೆ ಮುಖ್ಯ.

ನಿಮ್ಮ ವಿಷಯಕ್ಕೇ ಸಂಬಂಧಿಸಿದ ಇನ್ನೊಂದು ಮಾತು. ಡಿಮೆನ್ಷಿಯಾ ಮತ್ತು ಸ್ಟ್ರೋಕ್ ಎರಡನ್ನೂ ಮೊದಲ ದಿನವೇ ಬೆರೆಸಬೇಡಿ. ಸ್ಟ್ರೋಕ್‌ನಲ್ಲಿ ಒಂದೇ ದಿನದಲ್ಲಿ ಮನೆಯ ಬದುಕು ತಲೆಕೆಳಗಾಗುತ್ತದೆ, ಆಮೇಲೆ ಚೇತರಿಕೆಯ ನಿರೀಕ್ಷೆ ಇರುತ್ತದೆ. ಡಿಮೆನ್ಷಿಯಾದಲ್ಲಿ ಯಾವ ದಿನ ಶುರುವಾಯಿತೆಂದು ಹೇಳಲಾಗದು, ಕುಸಿತ ನಿಧಾನವಾಗಿ ಮುಂದುವರಿಯುತ್ತದೆ, ಎದುರಿಗಿರುವ ವ್ಯಕ್ತಿ ಬದುಕಿರುವಾಗಲೇ ಕಳೆದುಹೋಗುತ್ತಿರುವ ದುಃಖವಿರುತ್ತದೆ. ಎರಡೂ ಕಡೆ ‘ಭವಿಷ್ಯದ ಅನಿಶ್ಚಿತತೆ’ ಎಂಬ ಥೀಮ್ ಇರಬಹುದು, ಆದರೆ ಒಂದರಲ್ಲಿ ಅದು ‘ಮತ್ತೆ ನಡೆಯುತ್ತಾರೋ ಇಲ್ಲವೋ’ ಎಂಬುದು, ಇನ್ನೊಂದರಲ್ಲಿ ‘ನನ್ನನ್ನು ಇನ್ನೆಷ್ಟು ದಿನ ಗುರುತಿಸುತ್ತಾರೆ’ ಎಂಬುದು. ಎರಡು ಗುಂಪುಗಳನ್ನು ಮೊದಲು ಪ್ರತ್ಯೇಕವಾಗಿ ಸಿಂಥೆಸೈಸ್ ಮಾಡಿ, ನಂತರ ಎದುರುಬದುರು ಇಡಿ. ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬುದೇ ನಿಮ್ಮ ಪ್ರಬಂಧದ ಒಂದು ಅಧ್ಯಾಯವಾಗುತ್ತದೆ.

ವಿಧಾನದ ಆಯ್ಕೆಗೆ ಬರೋಣ. ನಿಮ್ಮ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಈಗ ಜೆಬಿಐ ಎಂದೇ ಹೆಸರಾಗಿರುವ ಜೋವಾನ್ನಾ ಬ್ರಿಗ್ಸ್ ಸಂಸ್ಥೆಯ ಮೆಟಾ-ಅಗ್ರಿಗೇಶನ್ ನರ್ಸಿಂಗ್‌ನಲ್ಲಿ ಬಹಳ ಚಾಲ್ತಿಯಲ್ಲಿದೆ. ಲೇಖಕರ ಫೈಂಡಿಂಗ್ ಅನ್ನು ಅವರ ಮಾತಿನಲ್ಲೇ ತೆಗೆದುಕೊಂಡು, ಅದಕ್ಕೆ ಕೊಟ್ಟ ಆಧಾರ ಎಷ್ಟು ಗಟ್ಟಿ ಎಂದು ನಿಸ್ಸಂದೇಹ, ನಂಬಲರ್ಹ, ಆಧಾರರಹಿತ ಎಂಬ ಮೂರು ದರ್ಜೆಯಲ್ಲಿ ಇಟ್ಟು, ವರ್ಗಗಳಾಗಿ ಸೇರಿಸಿ, ಆಚರಣೆಗೆ ತರಬಹುದಾದ ಹೇಳಿಕೆ ಬರೆಯುತ್ತಾರೆ. ಹಂತಗಳು ಖಚಿತವಾಗಿವೆ, ಪರೀಕ್ಷಕರಿಗೆ ವಿವರಿಸುವುದು ಸುಲಭ. ಆದರೆ ಮರುವ್ಯಾಖ್ಯಾನಕ್ಕೆ ಇಲ್ಲಿ ಅವಕಾಶವಿಲ್ಲ. ಮೇಲೆ ಹೇಳಿದ ‘ದ್ರೋಹ’ದ ಎಳೆ ಈ ದಾರಿಯಲ್ಲಿ ಸಿಗುವುದಿಲ್ಲ. ಮೂಲ ಅಧ್ಯಯನಗಳ ಥೀಮ್‌ಗಳು ಮಾಪಕದ ಪಡಿಯಚ್ಚಾಗಿದ್ದರೆ ನಿಮ್ಮ ಫಲಿತಾಂಶವೂ ಹಾಗೆಯೇ ಆಗುತ್ತದೆ.

ಪೂರ್ಣ ಮೆಟಾ-ಎಥ್ನಾಗ್ರಫಿ ಇನ್ನೊಂದು ತುದಿ. ಏಳು ಹಂತಗಳು, ಆಳವಾದ ಓದು, ನಿಜವಾದ ಹೊಸ ವ್ಯಾಖ್ಯಾನ. ಅದಕ್ಕೆ ಮೂಲ ಅಧ್ಯಯನಗಳಲ್ಲೂ ಪರಿಕಲ್ಪನೆಗಳಿರಬೇಕು. ಉತ್ತರಗಳನ್ನು ಪಟ್ಟಿ ಮಾಡಿ ಮುಗಿಸಿದ ಅಧ್ಯಯನಗಳೇ ಹೆಚ್ಚಿದ್ದರೆ ಅನುವಾದಿಸಲು ಏನೂ ಇರುವುದಿಲ್ಲ, ಕಡೆಗೆ ವ್ಯಾಖ್ಯಾನವೆಲ್ಲ ನಿಮ್ಮ ಕಲ್ಪನೆಯೇ ಆಗಿಬಿಡುವ ಅಪಾಯವಿದೆ. ಅನುಭವಿ ಮಾರ್ಗದರ್ಶಿ ಪಕ್ಕದಲ್ಲಿಲ್ಲದೆ ಎಂ.ಎಸ್ಸಿ. ಅವಧಿಯಲ್ಲಿ ಇದಕ್ಕೆ ಕೈಹಾಕಿ ಎನ್ನಲು ನನಗೆ ಧೈರ್ಯವಿಲ್ಲ.

ನಿಮಗೆ ನಾನು ಸೂಚಿಸುವುದು ಥಾಮಸ್ ಮತ್ತು ಹಾರ್ಡನ್ 2008ರಲ್ಲಿ ಪ್ರಕಟಿಸಿದ ಥೀಮ್ಯಾಟಿಕ್ ಸಿಂಥೆಸಿಸ್. ಪ್ರತಿ ಲೇಖನದ ಫಲಿತಾಂಶ ಭಾಗವನ್ನು ಸಾಲುಸಾಲಾಗಿ ಕೋಡ್ ಮಾಡುವುದು, ಅಂದರೆ ಪ್ರತಿ ಸಾಲಿನ ಸಂಗತಿಗೆ ಒಂದು ಚಿಕ್ಕ ಹೆಸರು ಕೊಡುವುದು, ಕೋಡ್‌ಗಳಿಂದ ವಿವರಣಾತ್ಮಕ ಥೀಮ್‌ಗಳನ್ನು ಕಟ್ಟುವುದು, ಅವುಗಳಿಂದ ವಿಶ್ಲೇಷಣಾತ್ಮಕ ಥೀಮ್‌ಗಳಿಗೆ ಏರುವುದು. ತೆಳುವಾದ ಅಧ್ಯಯನಗಳನ್ನೂ ಇದು ಬಳಸಿಕೊಳ್ಳಬಲ್ಲದು, ಪರಿಕಲ್ಪನೆಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಂದಿಸಿ ನೋಡುವ ಕೆಲಸಕ್ಕೂ ಇಲ್ಲಿ ಜಾಗವಿದೆ. ಬಹಳ ಮಂದಿ ಎಡವುವುದು ಎರಡನೆಯ ಹಂತದಲ್ಲೇ ನಿಂತುಬಿಡುವುದರಿಂದ. ನೀವು ದಾಟಿದ್ದೀರೋ ಇಲ್ಲವೋ ಎಂದು ತಿಳಿಯಲು ನಿಮ್ಮ ಥೀಮ್ ಅನ್ನು ಪೂರ್ಣ ವಾಕ್ಯವಾಗಿ ಬರೆಯಿರಿ. ‘ಸಾಮಾಜಿಕ ಹೊರೆ’ ಎಂಬುದು ವಾಕ್ಯವೇ ಅಲ್ಲ. ‘ಬಿಡುವು ಸಿಕ್ಕರೂ ಬಳಸಿಕೊಳ್ಳಲಾಗದು, ಏಕೆಂದರೆ ಬಿಡುವು ದ್ರೋಹದಂತೆ ಕಾಣುತ್ತದೆ’ ಎಂಬುದು ವಾಕ್ಯ, ಅದನ್ನು ಒಪ್ಪಲೂಬಹುದು, ಅಲ್ಲಗಳೆಯಲೂಬಹುದು. ಕೋಡ್ ಮಾಡುವಾಗ ಭಾಗವಹಿಸಿದವರ ಮಾತುಗಳನ್ನಷ್ಟೇ ಆರಿಸಿ ಹೊಸದಾಗಿ ವಿಶ್ಲೇಷಿಸಬೇಡಿ. ಆ ಮಾತುಗಳನ್ನು ಲೇಖಕರು ನೂರಾರು ಪುಟಗಳಿಂದ ತಮ್ಮ ವಾದಕ್ಕೆ ಬೇಕಾದಂತೆ ಹೆಕ್ಕಿರುತ್ತಾರೆ. ಅವರ ವ್ಯಾಖ್ಯಾನವನ್ನೂ ಸೇರಿಸಿಯೇ ಓದಬೇಕು.

ಗುಣಮಟ್ಟದ ಪರೀಕ್ಷೆಗೆ ಕ್ಯಾಸ್ಪ್‌ನ 10 ಪ್ರಶ್ನೆಗಳ ಪಟ್ಟಿ ಸಾಕು. ಅದರ ಉತ್ತರಗಳನ್ನು ಕೂಡಿ ಅಂಕ ಮಾಡಿ, ಏಳಕ್ಕಿಂತ ಕಡಿಮೆ ಬಂದವನ್ನು ಹೊರಗಿಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ನೈತಿಕ ಅನುಮತಿಯನ್ನು ಉಲ್ಲೇಖಿಸದ ಲೇಖನವೂ ವಿಶ್ಲೇಷಣೆಯೇ ಇಲ್ಲದ ಲೇಖನವೂ ಆ ಲೆಕ್ಕದಲ್ಲಿ ಒಂದೊಂದೇ ಅಂಕ ಕಳೆದುಕೊಳ್ಳುತ್ತವೆ, ಆದರೆ ಎರಡೂ ಒಂದೇ ಬಗೆಯ ಕೊರತೆಯಲ್ಲ. ಎಲ್ಲವನ್ನೂ ಒಳಗಿಟ್ಟುಕೊಂಡು ಸಿಂಥೆಸಿಸ್ ಮುಗಿಸಿ. ಆಮೇಲೆ ದುರ್ಬಲವಾದವನ್ನು ತೆಗೆದು, ಯಾವ ಥೀಮ್ ಕುಸಿಯುತ್ತದೆ ನೋಡಿ, ಹಾಗೆಯೇ ವರದಿ ಮಾಡಿ.

ಕೊನೆಗೆ ಪ್ರತಿ ಫೈಂಡಿಂಗ್ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ಗ್ರೇಡ್-ಸರ್ಕ್ವಲ್ ಕ್ರಮದಲ್ಲಿ ಹೇಳಬೇಕು. ಅದು ನಾಲ್ಕು ಸಂಗತಿಗಳನ್ನು ನೋಡುತ್ತದೆ: ಮೂಲ ಅಧ್ಯಯನಗಳ ವಿಧಾನದ ಮಿತಿಗಳು, ಫೈಂಡಿಂಗ್ ಮತ್ತು ದತ್ತಾಂಶದ ನಡುವಿನ ಹೊಂದಾಣಿಕೆ, ದತ್ತಾಂಶ ಸಾಕಷ್ಟಿದೆಯೇ, ನಿಮ್ಮ ಪ್ರಶ್ನೆಗೆ ಅದು ಪ್ರಸ್ತುತವೇ. ನಮ್ಮ ‘ದ್ರೋಹ’ದ ಎಳೆಗೆ ಹಚ್ಚಿ ನೋಡಿ. ವಿಧಾನದಲ್ಲಿ ದೊಡ್ಡ ದೋಷವಿಲ್ಲ ಎಂದುಕೊಳ್ಳೋಣ. ಹೊಂದಾಣಿಕೆಯಲ್ಲಿ ಸಣ್ಣ ಅನುಮಾನವಿದೆ, ಏಕೆಂದರೆ ಗಂಡಂದಿರ ಅಧ್ಯಯನಕ್ಕೆ ಇನ್ನೊಂದು ಓದೂ ಸಾಧ್ಯವಿತ್ತು. ಆಧಾರ ಮೂರೇ ಅಧ್ಯಯನಗಳದು. ಸ್ಟ್ರೋಕ್‌ನ ಕಡೆಯಿಂದ ಬಂದದ್ದು ಅದರಲ್ಲಿ ಒಂದೇ ಆಗಿದ್ದರೆ ಆ ಗುಂಪಿಗೆ ಪ್ರಸ್ತುತತೆಯೂ ಕಡಿಮೆ. ಹಾಗಾಗಿ ಡಿಮೆನ್ಷಿಯಾ ಆರೈಕೆಗೆ ‘ಮಧ್ಯಮ’, ಸ್ಟ್ರೋಕ್‌ಗೆ ‘ಕಡಿಮೆ’ ಭರವಸೆ ಎಂದು ನಾನಾದರೆ ಬರೆಯುತ್ತೇನೆ, ಕಾರಣವನ್ನೂ ಪಕ್ಕದಲ್ಲೇ ಕೊಡುತ್ತೇನೆ. ಗೈಡ್ ಕೇಳುತ್ತಿರುವ ‘ಎಷ್ಟು ನಂಬಬಹುದು’ ಎಂಬುದಕ್ಕೆ ಶೇಕಡಾವಾರಿಗಿಂತ ಇದು ನೇರ ಉತ್ತರ.

ಮುಂದಿನ ಭೇಟಿಗೆ ಇಡೀ ಎಕ್ಸೆಲ್ ಒಯ್ಯಬೇಡಿ. ಈಗಿರುವ ಒಂದೇ ಗುಂಪನ್ನು, ‘ಮಾನಸಿಕ ಹೊರೆ’ಯನ್ನೇ ತೆಗೆದುಕೊಂಡು, ಅದರೊಳಗಿನ ಪ್ರತಿ ಥೀಮ್‌ಗೆ ನಾಲ್ಕು ಕಾಲಂ ಬರೆಯಿರಿ: ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ, ಮೂಲದ ಮಾತು, ಲೇಖಕರ ವ್ಯಾಖ್ಯಾನ, ಇದು ಬೇರೆ ಯಾವ ಅಧ್ಯಯನಕ್ಕೆ ಹೊಂದುತ್ತದೆ ಅಥವಾ ಹೊಂದುವುದಿಲ್ಲ. ಆ ಒಂದು ಹಾಳೆಯನ್ನು ಗೈಡ್ ಮುಂದಿಟ್ಟು, ಪಕ್ಕದಲ್ಲಿ ಮೆಟಾ-ಸಮ್ಮರಿಯ ಎಣಿಕೆಯನ್ನೂ ಇಡಿ. ಎರಡನ್ನೂ ನೋಡಿದ ಮೇಲೆ ವಿಧಾನದ ಅಧ್ಯಾಯಕ್ಕೆ ಯಾವ ಹೆಸರು ಹಾಕಬೇಕೆಂದು ಅವರೊಂದಿಗೆ ಕೂತು ತೀರ್ಮಾನಿಸಿ. ಬರೆಯುವಾಗ, ಇಂಥ ಸಿಂಥೆಸಿಸ್‌ನ ವರದಿಯಲ್ಲಿ ಏನೇನಿರಬೇಕು ಎಂದು ಹೇಳುವ ಎನ್‌ಟ್ರೆಕ್‌ನ 21 ಅಂಶಗಳ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ.